ಸಿಹಿ ನೀರಿನ ಪಾನಕ

ನಮ್ಮ ನೆಂಟರ ಪಾಲಿಗೆ ನಾನು ಡಾಕ್ಟರು. ಹಾಗೆಂದು ನಾನು ಯಾರಿಗೂ ಹೇಳಿಲ್ಲ. ನಾನು ಹೆಲ್ತ್ ಇನ್ಸ್‌ಪೆಕ್ಟರ್. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದೆಯೇ, ಚರಂಡಿ ಕಟ್ಟಿಕೊಂಡಿದೆಯೇ, ಹೋಟೆಲಿನ ಹಿಂದಿರುವ ಡ್ರಮ್ಮಿನಲ್ಲಿ ಸೊಳ್ಳೆಮರಿ ಈಜಾಡುತ್ತಿವೆಯೇ ಎಂದು ಬಗ್ಗಿ ನೋಡುವುದು ನನ್ನ ಉದ್ಯೋಗ. ಆದರೆ ಅಮ್ಮ ಯಾರಾದರೂ ಕೇಳಿದರೆ "ಹೆಲ್ತ್‌ನಲ್ಲವ್ಳೆ" ಎಂದಷ್ಟೇ ಹೇಳಿ ಮಾತು ಬೇರೆ ಕಡೆ ತಿರುಗಿಸಿಬಿಡುತ್ತಿದ್ದಳು. ಉಳಿದದ್ದನ್ನು ನೆಂಟರೇ ತುಂಬಿಕೊಂಡರು. ಅದರ ಫಲವಾಗಿ ನಮ್ಮೂರ ದೊಡ್ಡಮ್ಮ ವಾರಕ್ಕೊಮ್ಮೆ ಫೋನು ಮಾಡಿ ತಮ್ಮ ಮಂಡಿನೋವಿನ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು. ನಾನೂ ಎಷ್ಟು ದಿನ ಅಂತ ಜಗಳವಾಡಲಿ? ಕುದಿಸಿ ಆರಿಸಿದ ನೀರು ಕುಡಿಯಿರಿ ದೊಡ್ಡಮ್ಮ ಎನ್ನುತ್ತಿದ್ದೆ. ಮಂಡಿಗೂ ಅದೇ, ಬೆನ್ನಿಗೂ ಅದೇ. ದೊಡ್ಡಮ್ಮನಿಗೆ ಗುಣವೂ ಕಾಣುತ್ತಿತ್ತು, ಏನು ಮಾಡುವುದು.

ಅಮ್ಮನಿಗೆ ನನ್ನ ಕೆಲಸದ ಮೇಲೆ ಇದ್ದ ಸಿಟ್ಟು ಮುಖ್ಯವಾಗಿ ವಾಸನೆಯದು. ಸಂಜೆ ನಾನು ಗೇಟು ತೆಗೆಯುವಾಗಲೇ, "ಬಂದ್ಬುಟ್ಲು ಬ್ಲೀಚಿಂಗ್ ಪೌಡ್ರು" ಎಂದು ಒಳಗಿನಿಂದ ಕೂಗುತ್ತಿದ್ದಳು. ಬಿ.ಎಸ್ಸಿ. ಓದಿಸಿದ್ದು ಮೋರಿ ಮೂಸಿ ನೋಡೋಕಾ ಎನ್ನುವುದು ಅವಳ ನಿತ್ಯದ ಪ್ರಶ್ನೆ. ಉತ್ತರ ಕೊಟ್ಟರೆ ಊಟ ತಡವಾಗುತ್ತದೆ ಎಂದು ನಾನು ಸುಮ್ಮನಿರುತ್ತಿದ್ದೆ.

ನಮ್ಮ ಮನೆ ದಟ್ಟಗಳ್ಳಿಯ ಆಚೆಗಿನ ಒಂದು ಬಡಾವಣೆಯಲ್ಲಿದೆ. ರಸ್ತೆ ಸ್ವಲ್ಪ ಇಳಿಜಾರು. ಮೇಲ್ತುದಿಯಲ್ಲಿ ನೀರಿನ ಟ್ಯಾಂಕು, ನಡುವೆ ನಮ್ಮ ಮನೆ, ನಮ್ಮಿಂದ ಕೆಳಕ್ಕೆ ನಾಲ್ಕಾರು ಮನೆ ದಾಟಿದರೆ ನಿವಾಸಿಗಳ ಸಂಘದ ಅಧ್ಯಕ್ಷರ ಮನೆ. ಅಧ್ಯಕ್ಷರು ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಅವರ ಹಿರೀಕರು ಅರಮನೆಯಲ್ಲಿ ಊಟದ ಉಸ್ತುವಾರಿಯಲ್ಲಿದ್ದರಂತೆ. ಆ ಕಾರಣಕ್ಕೋ ಏನೋ, ತಮ್ಮ ನಾಲಿಗೆಯ ಮೇಲೆ ಅವರಿಗೆ ಅಪಾರ ನಂಬಿಕೆ. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ನಾಲಿಗೆ ಚಪ್ಪರಿಸಿ, "ಇದು ಕಾವೇರಿ" ಅಥವಾ "ಇದು ಕಬಿನಿ, ಸಂಶಯವೇ ಬೇಡ" ಎನ್ನುತ್ತಿದ್ದರು. ಸಂಶಯಪಟ್ಟರೂ ಪರೀಕ್ಷೆ ಮಾಡುವುದು ಹೇಗೆ? ಹಾಗಾಗಿ ಅವರು ಯಾವತ್ತೂ ಸೋತಿರಲಿಲ್ಲ.

ಅವರ ಪ್ರಕಾರ ಇಡೀ ರಸ್ತೆಯಲ್ಲಿ ಸಿಹಿ ನೀರು ಬರುವುದು ಅವರ ಮನೆಯ ನಲ್ಲಿಯಲ್ಲಿ ಮಾತ್ರ. ನಮ್ಮ ಮನೆಯಲ್ಲೂ ಮೇಲಿನವರ ಮನೆಗಳಲ್ಲೂ ನೀರು ಬಿಟ್ಟಾಗ ಸಣ್ಣಗೆ ಬ್ಲೀಚಿಂಗ್ ವಾಸನೆ ಬರುತ್ತಿತ್ತು. ಅವರ ಮನೆಯಲ್ಲಿ ವಾಸನೆಯಿಲ್ಲ, ಒಗರಿಲ್ಲ. ಒಂದೇ ಟ್ಯಾಂಕು, ಒಂದೇ ಪೈಪು, ಆದರೂ ಹೀಗೆ. ಇದು ತಮ್ಮ ಮನೆಯ ವಾಸ್ತು ಎಂದು ಅವರು ಹೇಳುತ್ತಿದ್ದರು. ಜನ ಒಪ್ಪಿಕೊಂಡೂ ಇದ್ದರು. ಪ್ರತಿ ವರ್ಷ ರಾಮನವಮಿಗೆ ನಮ್ಮ ರಸ್ತೆಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಆ ಪಾನಕಕ್ಕೆ ನೀರು ಅಧ್ಯಕ್ಷರ ಮನೆಯ ನಲ್ಲಿಯಿಂದಲೇ ಬರಬೇಕು. ಪಾನಕ ಮಾಡುವುದು ಅಮ್ಮ. ಕೋಸಂಬರಿ ಹಾಕಿಕೊಡುವುದು ಅಮ್ಮನ ಬಾಳೆ ಎಲೆಯ ತುಂಡಿನ ಮೇಲೆ. ಇದು ನಮ್ಮ ರಸ್ತೆಯ ಸಂವಿಧಾನ.

ಬಾಳೆಯ ಬಗ್ಗೆ ಹೇಳಲೇಬೇಕು. ನಮ್ಮ ಕಾಂಪೌಂಡಿನ ಹೊರಗೆ, ಚರಂಡಿಗೂ ಗೇಟಿಗೂ ನಡುವಿನ ಮೊಳದಗಲದ ಜಾಗದಲ್ಲಿ ಅಮ್ಮ ಒಂದು ಬಾಳೆಕಂದು ನೆಟ್ಟಿದ್ದಳು. ಅದು ಈಗ ಮನೆಯ ಮೊದಲ ಮಹಡಿಯ ಕಿಟಕಿಯನ್ನು ಮುಚ್ಚುವಷ್ಟು ಬೆಳೆದ ಹಿಂಡು. ಬೇಸಿಗೆಯಲ್ಲಿ ಊರೆಲ್ಲ ಒಣಗಿದರೂ ಅದು ಹಸಿರಾಗಿ ಕೊಬ್ಬಿ ನಿಂತಿರುತ್ತಿತ್ತು. "ಒಂದ್ ಚೊಂಬು ನೀರ್ ಹಾಕಿಲ್ಲ ಕಣವ್ವ ನಾನು. ಕೈಗುಣ!" ಎಂದು ಅಮ್ಮ ದಾರಿಹೋಕರಿಗೂ ಹೇಳುತ್ತಿದ್ದಳು. ಅವಳು ಹಳ್ಳಿಯಲ್ಲಿ ಹೊಲ ಗದ್ದೆ ಮಾಡಿದ ಮನೆಯಿಂದ ಬಂದವಳು. ಪೇಟೆಗೆ ಬಂದ ಮೇಲೂ ತನ್ನ ಕೈಗೆ ಮಣ್ಣು ಮಾತು ಕೇಳುತ್ತದೆ ಎನ್ನುವುದಕ್ಕೆ ಆ ಬಾಳೆಯೇ ಸಾಕ್ಷಿ. ಎದುರುಮನೆ ಆಂಟಿ ತಮ್ಮ ಒಣಗುತ್ತಿದ್ದ ಕರಿಬೇವನ್ನು ಒಮ್ಮೆ ಮುಟ್ಟಿಹೋಗಿ ಎಂದು ಅಮ್ಮನನ್ನು ಕರೆಸಿಕೊಂಡಿದ್ದೂ ಉಂಟು.

ಆ ವರ್ಷ ರಾಮನವಮಿಗೆ ಇನ್ನೊಂದು ವಾರವಿರುವಾಗ ರಸ್ತೆಯ ಕೆಳಗಿನ ಮೂಲೆಮನೆಯ ಪುಟ್ಟ ಹುಡುಗಿಗೆ ವಾಂತಿ ಭೇದಿ ಶುರುವಾಗಿ, ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು. ನನಗೆ ಸುದ್ದಿ ಬಂದದ್ದು ಆಫೀಸಿನಿಂದ. ನನ್ನದೇ ರಸ್ತೆಯ ಸುದ್ದಿ ನನಗೆ ಆಫೀಸಿನಿಂದ ಬರಬೇಕೆ ಎಂದು ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಆಸ್ಪತ್ರೆಗೆ ಹೋಗಿ ನೋಡಿದೆ. ಕಣ್ಣು ಒಳಕ್ಕೆ ಹೋಗಿತ್ತು, ತುಟಿ ಒಣಗಿತ್ತು, ಆದರೆ ನನ್ನನ್ನು ನೋಡಿ, "ಬಾಳೆ ಆಂಟಿ ಮಗಳು" ಎಂದಿತು. ಬದುಕಿಕೊಂಡಿತು ಬಿಡಿ, ಎರಡು ದಿನದಲ್ಲಿ ಮನೆಗೂ ಬಂತು. ಆದರೆ ಅಂದು ಆ ಮಂಚದ ಪಕ್ಕ ನಿಂತಾಗ ನನಗೆ ಒಂದೇ ಯೋಚನೆ. ವಾರ ಕಳೆದರೆ ಇಡೀ ಬಡಾವಣೆ ಅದೇ ರಸ್ತೆಯ ನೀರಿನಲ್ಲಿ, ಕುದಿಸದೆ, ನನ್ನ ಅಮ್ಮ ಮಾಡಿದ ಪಾನಕ ಕುಡಿಯುತ್ತದೆ.

ಮರುದಿನ ಬೆಳಿಗ್ಗೆ ಮನೆಮನೆ ಸಮೀಕ್ಷೆಗೆ ಹೊರಟೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿದೆಯೇ ಎಂಬ ಸರಳ ಪ್ರಶ್ನೆ. ಸರಳ ಎಂದುಕೊಂಡವಳು ನಾನು. ಯಾರ ಮನೆಯಲ್ಲೂ ಯಾರಿಗೂ ಏನೂ ಆಗಿರಲಿಲ್ಲ. "ಛೆ ಛೆ, ನಮ್ಮನೇಲಿ ಅಂಥದ್ದೆಲ್ಲ ಇಲ್ಲಮ್ಮ" ಎನ್ನುತ್ತಿದ್ದ ಮನುಷ್ಯರೊಬ್ಬರು ಮಾತು ಮುಗಿಸುವ ಮೊದಲೇ ಒಳಕ್ಕೆ ಓಡಿದರು. ಅವರ ಹೆಂಡತಿ, "ಹಾಲು ಉಕ್ತಾ ಇರ್ಬೇಕು" ಎಂದರು. ಹಾಲು ಬಚ್ಚಲುಮನೆ ಕಡೆ ಉಕ್ಕುವುದನ್ನು ನಾನು ಅಂದೇ ನೋಡಿದ್ದು.

ಆಮೇಲೆ ಪ್ರಶ್ನೆ ಬದಲಾಯಿಸಿದೆ. ನಿಮ್ಮ ಮನೆ ಬಿಡಿ, ಪಕ್ಕದ ಮನೆಯಲ್ಲಿ ಹೇಗೆ ಎಂದೆ. ಕಟ್ಟೆ ಒಡೆದ ಹಾಗೆ ಮಾಹಿತಿ ಹರಿದುಬಂತು. "ಅವ್ರಾ? ಮೂರು ದಿನದಿಂದ ಗಂಜಿ ಕಣ್ರೀ, ನಮ್ಮನೆಗೂ ಶಬ್ದ ಕೇಳುತ್ತೆ." ಆ ಪಕ್ಕದ ಮನೆಗೆ ಹೋದರೆ ಅವರು ಈ ಮನೆಯ ವರದಿ ಕೊಟ್ಟರು. ಅಧ್ಯಕ್ಷರು ತಾವು ಕಲ್ಲುಗುಂಡಿನ ಹಾಗಿದ್ದೇವೆ ಎಂದರು. ಅವರ ಪಕ್ಕದ ಮನೆಯವರು ಮಾತ್ರ, ಅಧ್ಯಕ್ಷರು ಬೆಳಗಿನ ವಾಕಿಂಗ್ ಬಿಟ್ಟು ಮನೆಯೊಳಗೇ ಓಡಾಡುತ್ತಿದ್ದಾರೆ ಎಂದು ತಿಳಿಸಿದರು. ಮಧ್ಯಾಹ್ನದ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ನಮ್ಮ ಮನೆ ಮತ್ತು ಅದರ ಮೇಲಿನ ಮನೆಗಳಲ್ಲಿ ಎಲ್ಲರೂ ಆರೋಗ್ಯ. ನಮ್ಮಿಂದ ಕೆಳಗೆ ಮನೆಮನೆಯಲ್ಲೂ ಹೊಟ್ಟೆ ಕೆಟ್ಟಿದೆ. ನಾನು ಓಆರ್‌ಎಸ್ ಪೊಟ್ಟಣಗಳನ್ನು "ಪಕ್ಕದವರಿಗೆ ಬೇಕಾದರೆ ಇರಲಿ" ಎಂದು ಹೇಳಿ ಕೊಟ್ಟೆ. ಎಲ್ಲರೂ ಪಕ್ಕದವರ ಮೇಲಿನ ಕರುಣೆಯಿಂದ ಎರಡೆರಡು ತೆಗೆದುಕೊಂಡರು.

ಇನ್ನು ನೀರಿನ ಪರೀಕ್ಷೆ. ನಮ್ಮ ಬಳಿ ಸಣ್ಣ ಗಾಜಿನ ಬಾಟಲಿಗಳಿರುತ್ತವೆ. ಒಳಗೆ ಔಷಧಿ ಹಚ್ಚಿ ಒಣಗಿಸಿದ ಕಾಗದದ ಪಟ್ಟಿ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿಟ್ಟರೆ ಒಂದೆರಡು ದಿನದೊಳಗೆ ಫಲಿತಾಂಶ ಸಿಗುತ್ತದೆ. ಮಲದ ಸೋಂಕಿದ್ದರೆ ನೀರು ಕಪ್ಪಗಾಗುತ್ತದೆ. ಇಲ್ಲದಿದ್ದರೆ ಬಣ್ಣ ಬದಲಾಗುವುದಿಲ್ಲ. ನಲ್ಲಿಯ ಬಾಯನ್ನು ಬೆಂಕಿಯಲ್ಲಿ ಸುಟ್ಟು, ಸ್ವಲ್ಪ ಹೊತ್ತು ನೀರು ಹರಿಯಲು ಬಿಟ್ಟು, ನಾನೇ ಹಿಡಿಯಬೇಕು. ಆದರೆ ಪ್ರತಿ ಮನೆಯಲ್ಲೂ ಗೃಹಿಣಿಯರು ಬಾಟಲಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. "ನೀವ್ ಕೂತ್ಕೊಳಿ ಮೇಡಂ, ನಾವ್ ತುಂಬಿಸ್ಕೊಡ್ತೀವಿ." ನಾನು ಹಿಂದೆ ಹೋಗುವಷ್ಟರಲ್ಲಿ ಮನೆಯ ಯಜಮಾನರು ಕಾಫಿ ಲೋಟ ಹಿಡಿದು ದಾರಿಗೆ ಅಡ್ಡ ನಿಲ್ಲುತ್ತಿದ್ದರು. ಅಡುಗೆಮನೆಯಿಂದ ಬಾಟಲಿ ತುಂಬಿ, ಸೆರಗಿನಲ್ಲಿ ಒರೆಸಿಕೊಂಡು, ಪ್ರಸಾದದ ಹಾಗೆ ಬರುತ್ತಿತ್ತು.

ಮರುದಿನ ನೋಡಿದರೆ ಒಂದು ಬಾಟಲಿಯೂ ಕಪ್ಪಾಗಿಲ್ಲ. ಅದರ ಮರುದಿನವೂ ಇಲ್ಲ. ಇಷ್ಟು ಜನ ಮಲಗಿರುವಾಗ ಇಷ್ಟು ಶುದ್ಧ ನೀರು! ನನಗೆ ತಲೆ ಕೆಟ್ಟಿತು. ಒಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲಿ ಏನೋ ಬಿದ್ದಿತ್ತು. ಕಣ್ಣಿಗೆ ಹತ್ತಿರ ತಂದೆ. ಜೀರಿಗೆ.

ಇನ್ನೊಂದರಲ್ಲಿ ತುಳಸಿ ಎಲೆಯ ಚೂರು. ಮತ್ತೊಂದರ ಮುಚ್ಚಳ ತೆಗೆದರೆ ಲಾವಂಚದ ಪರಿಮಳ. ಎಲ್ಲರೂ ಕುದಿಸಿ ಆರಿಸಿದ ನೀರನ್ನು ತುಂಬಿಸಿಕೊಟ್ಟಿದ್ದರು! ಬಾಟಲಿಗಳನ್ನು ಹಿಡಿದುಕೊಂಡು ಕೆಳಗಿನ ಮನೆಗಳಿಗೆ ಧಾವಿಸಿದೆ. ಮೊದಲ ಮನೆಯಾಕೆಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. "ಮನೆಗೆ ಬಂದವ್ರಿಗೆ ನಲ್ಲಿ ನೀರ್ ಕೊಡಕ್ಕಾಯ್ತದಾ ಮೇಡಂ? ಏನಂದ್ಕೊತೀರಿ ನೀವು?"

"ನಾನು ಕುಡಿಯೋಕೆ ಕೇಳಲಿಲ್ಲ ಕಣ್ರೀ, ಟೆಸ್ಟ್ ಮಾಡೋಕೆ ಕೇಳಿದ್ದು."

"ಟೆಸ್ಟ್‌ಗೆ ಅಂದ್ಮೇಲಂತೂ ಒಳ್ಳೇದೇ ಕೊಡ್ಬೇಕಲ್ವಾ" ಎಂದರು ಆಕೆ. ಅವರ ಮಕ್ಕಳು ಶಾಲೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದ ಗುಟ್ಟು ನನಗೆ ಆಗ ಹೊಳೆಯಿತು. ಇಷ್ಟು ಒಳ್ಳೆಯ ನೀರು ಮಾಡಿಟ್ಟುಕೊಂಡೂ ಹೊಟ್ಟೆ ಹೇಗೆ ಕೆಟ್ಟಿತು ಎಂದು ಕೇಳಿದೆ. ಅದು ನೆಂಟರಿಗೆ, ಜ್ವರ ಬಂದವರಿಗೆ. ದಿನನಿತ್ಯ ಬಾಯಾರಿದರೆ ನಲ್ಲಿಗೇ ಚೊಂಬು ಹಿಡಿಯುತ್ತಾರಂತೆ. ಸೌತೆಕಾಯಿ ತೊಳೆಯುವುದೂ ಮಜ್ಜಿಗೆಗೆ ಬೆರೆಸುವುದೂ ಅದನ್ನೇ.

ನಮ್ಮ ರಸ್ತೆಗೆ ದಿನ ಬಿಟ್ಟು ದಿನ ನೀರು ಬಿಡುತ್ತಾರೆ. ಅದೃಷ್ಟಕ್ಕೆ ಅಂದು ನೀರು ಬಿಡುವ ದಿನ. ಈ ಸಲ ಬಾಟಲಿ ಯಾರ ಕೈಗೂ ಕೊಡದೆ ನಾನೇ ತುಂಬಿದೆ, ಕಾಫಿಗೂ ಕೈಚಾಚಲಿಲ್ಲ. ಟ್ಯಾಂಕಿನ ಬುಡದಿಂದ ಶುರುಮಾಡಿ ರಸ್ತೆಗೆ ಹತ್ತಿರವಿರುವ ನಲ್ಲಿಗಳಲ್ಲಿ ಕ್ಲೋರಿನ್ ನೋಡುತ್ತ ಇಳಿದೆ. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಹಾಕಿದರೆ, ಕ್ಲೋರಿನ್ ಉಳಿದಿದ್ದರೆ ಹಳದಿ ಬಣ್ಣ ಬರುತ್ತದೆ. ಹಳದಿ ಬಂದರೆ ದಾರಿಯಲ್ಲಿ ಕೊಳಕು ಸೇರಿಕೊಂಡರೂ ಎದುರಿಸಲು ನೀರಿನಲ್ಲಿ ಇನ್ನೂ ಸ್ವಲ್ಪ ತ್ರಾಣ ಇದೆ ಎಂದರ್ಥ. ಇದನ್ನು ನಾನು ಎಷ್ಟು ಸಲ ಹೇಳಿದರೂ ರಸ್ತೆಗೆ ಅರ್ಥವಾಗಲಿಲ್ಲ. ಮೇಲಿನ ಮನೆಗಳವರು ಹಳದಿ ನೋಡಿ ಎದೆ ಬಡಿದುಕೊಂಡರು. "ಅಯ್ಯೋ, ಇದೇನ್ರೀ ಮೂತ್ರದ ಥರ!" ಎಂದು ಎದುರುಮನೆ ಆಂಟಿ ಅಳುವಂತಾದರು.

ನಮ್ಮ ಮನೆಯ ನಲ್ಲಿಯಲ್ಲೂ ಹಳದಿ. ನಮ್ಮ ಕೆಳಗಿನ ಮನೆಯಲ್ಲಿ ಹನಿ ಹಾಕಿದೆ, ಕಾದೆ. ನೀರು ನೀರಾಗಿಯೇ ಉಳಿಯಿತು. ಅದರ ಕೆಳಗೂ ಅಷ್ಟೇ. ಅಧ್ಯಕ್ಷರ ಮನೆಯಲ್ಲಿ ಕೊಳವೆ ಸ್ಫಟಿಕದ ಹಾಗಿತ್ತು. "ನೋಡಿದ್ರಾ! ಒಂದು ಚೂರೂ ಬಣ್ಣ ಬರಲಿಲ್ಲ. ನಾನು ಹೇಳಿರಲಿಲ್ವೇ?" ಎಂದು ಅಧ್ಯಕ್ಷರು ಕೊಳವೆಯನ್ನು ಸೊಸೆಗೂ ತೋರಿಸಿದರು. ಕೆಳಗಿನ ಮನೆಗಳವರೆಲ್ಲ ರಸ್ತೆಗೆ ಬಂದು, ಮೇಲಿನವರನ್ನು ಕನಿಕರದಿಂದ ನೋಡುತ್ತ ನಿಂತರು. ಪರೀಕ್ಷೆಯಲ್ಲಿ ಫೇಲಾದವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ ಕೆಳಗಿನ ಮನೆಗಳ ಬಾಟಲಿಗಳೆಲ್ಲ ಕಪ್ಪಗೆ. ಅಧ್ಯಕ್ಷರದು ಮಸಿ. ನಾನು ಕೆಳಗಿನ ಮನೆಗಳಿಗೆ ಹೋಗಿ, ಇನ್ನು ಕುದಿಸದೆ ಒಂದು ಗುಟುಕೂ ಕುಡಿಯಬೇಡಿ ಎಂದು ಹೇಳಿಬಂದೆ. ಅಧ್ಯಕ್ಷರು ಬಾಟಲಿಯಲ್ಲೇ ದೋಷವಿರಬೇಕು ಎಂದರು.

ಅವರು ಏನೇ ಹೇಳಲಿ, ಸಂಗತಿ ನನಗೆ ಸ್ಪಷ್ಟವಾಗಿತ್ತು. ಟ್ಯಾಂಕಿನಿಂದ ಹೊರಟ ಕ್ಲೋರಿನ್ ನಮ್ಮ ಮನೆಯವರೆಗೆ ಬರುತ್ತಿದೆ. ನಮ್ಮ ಮನೆಗೂ ಕೆಳಗಿನ ಮನೆಗೂ ನಡುವೆ ಎಲ್ಲೋ ಪೈಪು ಬಾಯಿ ಬಿಟ್ಟಿದೆ. ನೀರು ಬಿಟ್ಟಾಗ ಅಲ್ಲಿಂದ ಹೊರಕ್ಕೆ ಸೋರುತ್ತದೆ. ನಿಲ್ಲಿಸಿದಾಗ ಖಾಲಿಯಾಗುವ ಪೈಪು ಸುತ್ತಲಿನ ಕೊಚ್ಚೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಕೊಳಕಿನ ಜೊತೆ ಹೊಡೆದಾಡಿ ಕ್ಲೋರಿನ್ ಖರ್ಚಾಗಿಹೋಗುತ್ತದೆ, ವಾಸನೆಯೂ ಹೋಗುತ್ತದೆ. ಅಧ್ಯಕ್ಷರ ಮನೆಯ ಸಿಹಿ ನೀರಿನ ವಾಸ್ತು ಇದು.

ನಮ್ಮ ಮನೆಗೂ ಕೆಳಗಿನ ಮನೆಗೂ ನಡುವೆ, ಚರಂಡಿಗೆ ಅಂಟಿಕೊಂಡಂತೆ, ಇದ್ದದ್ದು ಒಂದೇ. ಒಂದು ಚೊಂಬು ನೀರನ್ನೂ ಕಾಣದೆ ಕೊಬ್ಬಿ ಬೆಳೆದ ಬಾಳೆ.

ಅಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನೀರಿನ ಇಲಾಖೆಯ ಕೆಲಸದವರು ಗುದ್ದಲಿ ಹಿಡಿದು ಬಂದಾಗ ಅಮ್ಮ ಹಿಂಡಿನ ಮುಂದೆ ಕೈ ಅಗಲಿಸಿ ನಿಂತಳು. "ಮೊದ್ಲು ನನ್ನ ಅಗೀರಿ, ಆಮೇಕೆ ಬಾಳೆ ಅಗೀರಿ." ಅವರು ನನ್ನ ಮುಖ ನೋಡಿದರು. ನಾನು, "ಅಮ್ಮ, ಮೂಲೆಮನೆ ಮಗು ಆಸ್ಪತ್ರೇಲಿ ನನ್ನ ನೋಡಿ ಏನಂತು ಗೊತ್ತಾ? ಬಾಳೆ ಆಂಟಿ ಮಗಳು ಅಂತು" ಎಂದೆ. ಅಮ್ಮ ಅಗಲಿಸಿದ್ದ ಕೈ ಇಳಿಸಿದಳು. ಆಮೇಲೆ ಪಕ್ಕಕ್ಕೆ ಸರಿದು, "ಎಲೆ ಹರೀಬೇಡ್ರಪ್ಪ, ಹಬ್ಬಕ್ಕೆ ಬೇಕು" ಎಂದಳು.

ಅಗೆದರೆ, ಬೇರುಗಳು ಪೈಪಿನ ಜಾಯಿಂಟನ್ನು ಮಗುವನ್ನು ಎತ್ತಿಕೊಂಡ ಹಾಗೆ ಸುತ್ತಿಕೊಂಡಿದ್ದವು. ಜಾಯಿಂಟು ಬಿರಿದಿತ್ತು. ಚರಂಡಿಯ ಕಲ್ಲು ಕುಸಿದು ಕೊಚ್ಚೆ ಅಲ್ಲಿಗೇ ಜಿನುಗುತ್ತಿತ್ತು. ಆ ವಾಸನೆಗೆ ನನಗೇ ತಲೆ ತಿರುಗಿತು. ಅಮ್ಮ ಸೆರಗನ್ನು ಮೂಗಿಗೆ ಹಿಡಿದು ಬಗ್ಗಿ ನೋಡಿದಳು. ಸೀದಾ ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಅಡುಗೆಮನೆಯ ಮೂಲೆಯಲ್ಲಿ ನಿಂತಿದ್ದಳು.

"ನನ್ ಕೈಗುಣ ಅಂದ್ಕೊಂಡಿದ್ನಲ್ಲ ಮಗಾ, ಮೋರಿ ಕುಡೀತಾ ಇತ್ತಾ ಅದು? ಇಷ್ಟ್ ವರ್ಸ ನಾನು ಅದೇ ನೀರಲ್ಲಿ ರಾಮಂಗೆ ಪಾನ್ಕ ಮಾಡಿದ್ನಾ?"

ಮೊದಲೆಲ್ಲ ಬರೀ ಮಣ್ಣು ಸೇರಿ ಕ್ಲೋರಿನ್ ಹೋಗುತ್ತಿತ್ತು ಅಮ್ಮ, ಚರಂಡಿ ಕುಸಿದು ಕೊಚ್ಚೆ ಸೇರಿದ್ದು ಈಚೆಗೆ ಇರಬೇಕು ಎಂದೆ. ಅವಳಿಗೆ ಅದು ಕೇಳಿಸಲಿಲ್ಲ. ನನ್ನ ಕೈ ಹಿಡಿದುಕೊಂಡಳು. "ಯಾರ್ಗೂ ಹೇಳ್ಬೇಡ ಕಣೆ. ಬಾಳೆಯಿಂದ ಅಂತ ಹೇಳ್ಬೇಡ. ಹಬ್ಬದ ದಿನ ನಾನು ಪಾನ್ಕ ಕೊಟ್ರೆ ಯಾರ್ ಮುಟ್ತಾರೆ?" ಪೈಪಿನ ಜಾಯಿಂಟು ಒಡೆದಿತ್ತು ಎಂದು ವರದಿ ಬರೆದೆ, ಅದು ನಿಜವೂ ಆಗಿತ್ತು. ರಸ್ತೆಯವರಿಗೂ ಅಷ್ಟೇ ಹೇಳಿದೆ. ಕೆಲಸದವರು ಬೇರೆ ಕಡೆಯವರು, ನಮ್ಮ ರಸ್ತೆಯಲ್ಲಿ ಸುದ್ದಿ ಹರಡುವವರಲ್ಲ. ಜಾಯಿಂಟು ಬದಲಿಸಿ, ಪೈಪಿಗೆ ಜಾಸ್ತಿ ಕ್ಲೋರಿನ್ ಹಾಯಿಸಿ ತೊಳೆದು, ಚರಂಡಿಗೆ ಸಿಮೆಂಟು ಹಚ್ಚಿ ಹೋದರು.

ಉಳಿದದ್ದು ಪಾನಕ. ಪೈಪು ಸರಿಯಾದರೂ ಕೆಳಗಿನ ಮನೆಗಳ ನೆಲದಡಿಯ ಸಂಪುಗಳಲ್ಲಿ ಹಳೆಯ ನೀರು ಇತ್ತು. ಎಲ್ಲರಿಗೂ ಸಂಪು ಖಾಲಿ ಮಾಡಿ, ಉಜ್ಜಿ ತೊಳೆದು, ಬ್ಲೀಚಿಂಗ್ ಹಾಕಿ ಎಂದು ಹೇಳಿದ್ದೆ. ಅಧ್ಯಕ್ಷರು ತೊಳೆಸಿದೆ ಎಂದರು. ಅವರ ಪಕ್ಕದ ಮನೆಯವರು ಇಲ್ಲ ಎಂದರು. ನನ್ನ ನಂಬಿಕೆ ಪಕ್ಕದ ಮನೆಯವರ ಮೇಲೆ. ಸಂಘದ ಸಭೆಯಲ್ಲಿ ಎದ್ದುನಿಂತು, ಈ ವರ್ಷ ಪಾನಕದ ನೀರಿಗೆ ಕ್ಲೋರಿನ್ ಹಾಕಲೇಬೇಕು ಎಂದೆ. ಅಧ್ಯಕ್ಷರು ಕನ್ನಡಕ ತೆಗೆದರು.

"ನೋಡಮ್ಮ, ರಾಮನ ಪ್ರಸಾದ ಈಜುಕೊಳದ ಥರ ನಾರಬಾರದು. ಒಂದು ಚಿಟಿಕೆ ಬ್ಲೀಚಿಂಗ್ ಹಾಕಿದರೂ ನನ್ನ ನಾಲಿಗೆಗೆ ತಿಳಿಯುತ್ತೆ. ತಿಳಿದರೆ ನಾನು ಲೋಟ ಕೆಳಗಿಡ್ತೀನಿ."

ಕುದಿಸೋಣ ಎಂದರೆ ಅಷ್ಟು ನೀರಿಗೆ ಎಷ್ಟು ಸಿಲಿಂಡರ್ ಎಂದರು. ಕ್ಯಾನ್ ನೀರು ತರಿಸೋಣ ಎಂದರೆ ರಾಮನಿಗೆ ಅವಮಾನ ಎಂದರು. ನೀರು ಎಂದಿನಂತೆ ಅಧ್ಯಕ್ಷರ ಮನೆಯದೇ ಎಂದು ತೀರ್ಮಾನಿಸಿ, ಬೋಂಡ ತಿಂದು ಸಭೆ ಮುಗಿಯಿತು. ನಾನು ಮನೆಗೆ ಬಂದು ಚಪ್ಪಲಿ ಎಸೆದೆ. ಹಬ್ಬದ ದಿನ ಯೂನಿಫಾರ್ಮ್ ಹಾಕಿಕೊಂಡು ಬಂದು ಕೊಳಗವನ್ನೇ ಮಗುಚಿಬಿಡುತ್ತೇನೆ ಎಂದು ಕೂಗಾಡಿದೆ. ನನಗೆ ಯೂನಿಫಾರ್ಮೇ ಇಲ್ಲ ಎನ್ನುವುದನ್ನು ಅಮ್ಮ ನೆನಪಿಸಿದಳು. ಆಮೇಲೆ ಮೆಲ್ಲಗೆ, "ಬ್ಲೀಚಿಂಗ್ ಹಾಕಿ, ವಾಸ್ನೆ ಹೋಗೋ ಹಂಗೆ ಮಾಡಕ್ಕಾಗಲ್ವಾ?" ಎಂದಳು.

ನಾನು ಅವಳ ಮುಂದಿದ್ದ ಬುಟ್ಟಿಯನ್ನೇ ನೋಡಿದೆ. ಪಾನಕಕ್ಕೆಂದು ತಂದ ನಿಂಬೆಹಣ್ಣು. ಬಿ.ಎಸ್ಸಿ.ಯಲ್ಲಿ ಓದಿದ್ದು ಅಷ್ಟು ವರ್ಷದ ಮೇಲೆ ಅಡುಗೆಮನೆಯಲ್ಲಿ ಕೆಲಸಕ್ಕೆ ಬಂತು. ನಿಂಬೆಯಲ್ಲಿರುವ ವಿಟಮಿನ್ ಸಿ ಕ್ಲೋರಿನ್ ಅನ್ನು ಕ್ಷಣದಲ್ಲಿ ಕೊಂದುಹಾಕುತ್ತದೆ. ಬೆಲ್ಲವೂ ಕ್ಲೋರಿನ್ ಅನ್ನು ತಿಂದುಹಾಕುತ್ತದೆ. ಆದ್ದರಿಂದ ಮೊದಲು ಕ್ಲೋರಿನ್ ಹಾಕಿ ಅರ್ಧ ಗಂಟೆ ಅದಕ್ಕೆ ಕೆಲಸ ಮಾಡಲು ಬಿಡಬೇಕು. ಕ್ರಿಮಿಗಳು ಸತ್ತ ಮೇಲೆ ನಿಂಬೆ ಹಿಂಡಬೇಕು. ಮೊದಲೇ ಹಿಂಡಿದರೆ ಎಲ್ಲ ವ್ಯರ್ಥ.

ಹಬ್ಬದ ಬೆಳಿಗ್ಗೆ ಅಧ್ಯಕ್ಷರ ಮನೆಯ ನೀರು ಎಂದಿನ ಮರ್ಯಾದೆಯೊಂದಿಗೆ ಡ್ರಮ್ಮಿನಲ್ಲಿ ನಮ್ಮ ಅಂಗಳಕ್ಕೆ ಬಂತು. ತಂದವರು ಹೋದ ಮೇಲೆ ಅಮ್ಮ ಗೇಟಿಗೆ ಚಿಲಕ ಹಾಕಿದಳು. ನಾನು ಬ್ಲೀಚಿಂಗ್ ಪುಡಿಯನ್ನು ಮಗ್ಗಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಅಳೆದು ಡ್ರಮ್ಮಿಗೆ ಸುರಿದೆ. ಅಮ್ಮ ಶುಭ್ರ ಸೌಟಿನಿಂದ ತಿರುವಿದಳು. ಅರ್ಧ ಗಂಟೆ ಇಬ್ಬರೂ ಡ್ರಮ್ಮಿನ ಪಕ್ಕ ಕಳ್ಳರ ಹಾಗೆ ಕೂತಿದ್ದೆವು. ಆಮೇಲೆ ಕೊಳವೆಯಲ್ಲಿ ನೀರು ಹಿಡಿದು ಹನಿ ಹಾಕಿದೆ.

"ಬಂತು ಬಂತು! ಅರಿಸ್ನ ಹಾಕ್ದಂಗೆ ಬಂತು!" ಎಂದು ಅಮ್ಮ ಕೂಗಿಯೇಬಿಟ್ಟಳು. ನನ್ನ ಕೆಲಸ ನೋಡಿ ಅಮ್ಮ ಸಂತೋಷಪಟ್ಟದ್ದು ಅದೇ ಮೊದಲು. ನಾನು ಕೊಳವೆಯನ್ನು ಅವಳ ಕೈಗೇ ಕೊಟ್ಟು ಬೆಲ್ಲದ ಕಡೆ ತಿರುಗಿದೆ.

ನೀರು ಕೊಳಗಕ್ಕೆ ಬಂತು, ಬೆಲ್ಲ ಕರಗಿತು, ನಿಂಬೆ ಬಿತ್ತು, ಮೆಣಸು, ಶುಂಠಿ, ಏಲಕ್ಕಿ. ಅಮ್ಮ ಮೂಸಿದಳು. ಮತ್ತೆ ಮೂಸಿದಳು. "ಎಲ್ಲಿ ಹೋಯ್ತೆ ನಿನ್ ಬ್ಲೀಚಿಂಗು?" ಪಾನಕಕ್ಕೂ ಹನಿ ಹಾಕಿ ನೋಡು ಎಂದು ಹಟ ಹಿಡಿದಳು. ಪಾನಕ ಮೊದಲೇ ಹಳದಿ, ಅದರಲ್ಲಿ ಏನು ತಿಳಿಯುತ್ತದೆ ಎಂದರೂ ಕೇಳಲಿಲ್ಲ. ಹಾಕಿ ತೋರಿಸಿದೆ. "ನೋಡು, ಇಲ್ಲೂ ಪಾಸು" ಎಂದಳು. ಆ ಕೊಳವೆಯಲ್ಲಿದ್ದದ್ದನ್ನು ನಾನು ಚೆಲ್ಲಿದೆ, ಕೊಳಗಕ್ಕೆ ಮುಚ್ಚಳ ಹಾಕಿದೆ.

ಪೆಂಡಾಲಿನ ಕೆಳಗೆ ರಸ್ತೆಗೆ ರಸ್ತೆಯೇ ಸೇರಿತ್ತು. ಅಮ್ಮ ಉದ್ದ ಹಿಡಿಯ ಸೌಟು ಹಿಡಿದು ನಿಂತಳು. ಮೊದಲ ಲೋಟ ರಾಮನ ಪಟದ ಮುಂದೆ, ಎರಡನೆಯದು ಅಧ್ಯಕ್ಷರಿಗೆ. ಅವರು ಕಣ್ಣು ಮುಚ್ಚಿದರು. ಗುಟುಕರಿಸಿದರು. ನಾಲಿಗೆ ಚಪ್ಪರಿಸಿದರು. ನಾನು ಉಸಿರು ಬಿಗಿ ಹಿಡಿದಿದ್ದೆ. ಅವರು ಲೋಟ ಖಾಲಿ ಮಾಡಿದರು, ಇನ್ನೊಂದು ಹಾಕಿಸಿಕೊಂಡರು, ಅದನ್ನೂ ಮುಗಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ನಾನು ಹೇಳಿದೆನೋ ಇಲ್ವೋ? ಬ್ಲೀಚಿಂಗ್ ಹಾಕದೇ ಇದ್ದರೆ ನೀರು ಹೀಗಿರುತ್ತೆ. ಇದು ನಮ್ಮ ಮನೆಯ ಸಿಹಿ ನೀರು. ಪಾಪ, ಈ ಹುಡುಗಿ ಸುಮ್ಮನೆ ಊರನ್ನೆಲ್ಲ ಹೆದರಿಸಿದಳು. ಚರಂಡಿ ನೋಡೋರಿಗೆ ಎಲ್ಲ ಕಡೆ ಚರಂಡಿಯೇ ಕಾಣುತ್ತೆ."

ಜನ ನಕ್ಕರು. ನಾನೂ ಹಲ್ಲು ಕಚ್ಚಿಕೊಂಡು ನಕ್ಕೆ. ಕುಡಿದರಲ್ಲ, ಅಷ್ಟು ಸಾಕು, ನಮ್ಮ ಗುಟ್ಟು ನಮ್ಮಲ್ಲಿರಲಿ ಎಂದು ಅಮ್ಮನ ಕಡೆ ನೋಡಿದೆ. ಅಮ್ಮ ನಗುತ್ತಿರಲಿಲ್ಲ. ಸೌಟು ಕೊಳಗದ ಮೇಲೆ ನಿಂತುಬಿಟ್ಟಿತ್ತು.

"ಹಾಕಿವ್ನಿ ಸಾರ್ ಬ್ಲೀಚಿಂಗು" ಎಂದಳು ಅಮ್ಮ. "ನನ್ನ ಮಗ್ಳು ಅಳ್ದು ಹಾಕುದ್ಲು, ನಾನೇ ತಿರುವ್ದೆ. ಅರ್ಧ ಗಂಟೆ ಬುಟ್ಟು ನಿಂಬೆಹಣ್ಣು ಹಿಂಡುದ್ವಿ, ಅದ್ಕೇ ವಾಸ್ನೆ ಇಲ್ಲ. ನಿಮ್ಮನೆ ನೀರ್ ಸಿಹಿ ಆಗಿದ್ದು ಯಾಕೆ ಅಂತ ನಾನ್ ಹೇಳ್ತೀನಿ ಕೇಳಿ. ನನ್ ಬಾಳೆ ಬೇರು ಪೈಪ್ ಒಡ್ದಿತ್ತು. ಮೋರಿ ನೀರು ಒಳಕ್ಕೋಯ್ತಿತ್ತು. ಕೈಗುಣ ಅಂತ ನಾನು ಕುಣೀತಿದ್ದೆ, ಸಿಹಿ ಅಂತ ನೀವ್ ಕುಡೀತಿದ್ರಿ. ಮೂಲೆಮನೆ ಮಗೂಗೆ ಡ್ರಿಪ್ ಹಾಕ್ಸಿದ್ದು ನನ್ ಬಾಳೆ. ಕಂಡುಹಿಡ್ದಿದ್ದು ನನ್ ಮಗ್ಳು. ಚರಂಡಿ ನೋಡ್ತಾಳೆ, ಹೌದು. ಅವ್ಳು ನೋಡ್ದೆ ಇದ್ದಿದ್ರೆ ಇವತ್ತು ನಾವೆಲ್ಲ ಲೋಟ ಅಲ್ಲ, ಚೊಂಬು ಹಿಡ್ಕೊಂಡು ಸಾಲು ನಿಂತಿರ್ತಿದ್ವಿ."

ಸಾಲಿನಲ್ಲಿದ್ದವರು ಕತ್ತು ಚಾಚಿ ಕೊಳಗದೊಳಗೆ ಇಣುಕಿದರು. ಯಾರು ಮುಟ್ಟುತ್ತಾರೆ ಎಂದು ಹೆದರಿದ್ದ ಅಮ್ಮ, ನನ್ನ ಮೇಲೆ ಬಿದ್ದ ಒಂದು ಮಾತಿಗಾಗಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಟ್ಟಿದ್ದಳು. ನನಗೆ ಅಲ್ಲೇ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಮೂಲೆಮನೆಯ ತಾಯಿ ಮಗುವನ್ನು ಎತ್ತಿಕೊಂಡು ಸಾಲಿನ ಹಿಂದೆ ನಿಂತಿದ್ದಳು. ನಾನು ಅವಳ ಮುಖ ನೋಡಲಾರದೆ ಅಧ್ಯಕ್ಷರ ಮುಖ ನೋಡಿದೆ.

ಅಧ್ಯಕ್ಷರು ಲೋಟದ ತಳವನ್ನು ಬಹಳ ಹೊತ್ತು ಪರೀಕ್ಷಿಸಿದರು. ಅವರ ಸೊಸೆ, "ಮಾವ, ಅದಕ್ಕೇ ನಿಮಗೆ ನಾಲ್ಕು ದಿನ..." ಎಂದು ಶುರುಮಾಡಿದಳು. ಅವರು ಕೈಯೆತ್ತಿ ತಡೆದು, ಲೋಟವನ್ನು ಅಮ್ಮನ ಮುಂದೆ ಚಾಚಿದರು.

"ಇನ್ನೊಂದು ಹಾಕಮ್ಮ. ಬ್ಲೀಚಿಂಗ್ ಸ್ವಲ್ಪ ಮುಂದಾಗಿದ್ದರೂ ಪರವಾಗಿಲ್ಲ."

ಆಗ ಎಲ್ಲರೂ ನಕ್ಕರು. ಮೂಲೆಮನೆಯ ತಾಯಿ ಮುಂದೆ ಬಂದು ಮಗುವಿಗೆಂದು ಅರ್ಧ ಲೋಟ ಕೇಳಿದಳು. ಅಮ್ಮ ಹಾಕುವಾಗ ಅರ್ಧ ಪಾನಕ ಲೋಟದ ಹೊರಗೇ ಹೋಯಿತು. ಸಂಜೆಯ ಹೊತ್ತಿಗೆ ಕೊಳಗ ಖಾಲಿ. ಯಾರ ಹೊಟ್ಟೆಯೂ ಕೆಡಲಿಲ್ಲ. ಇದನ್ನು ನಾನು ಪಕ್ಕದ ಮನೆಯವರನ್ನು ಕೇಳಿಯೇ ಖಚಿತಪಡಿಸಿಕೊಂಡೆ.

ಅಗೆದು ತೆಗೆದ ಹಿಂಡಿನ ಒಂದು ಕಂದನ್ನು ಅಮ್ಮ ಹಿತ್ತಲಿನಲ್ಲಿ, ಪೈಪಿಗೂ ಚರಂಡಿಗೂ ದೂರವಾಗಿ ನೆಟ್ಟಿದ್ದಾಳೆ. ಅದು ಸೊರಗಿಕೊಂಡೇ ಇದೆ. ದಿನಾ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುತ್ತಾಳೆ, ಬೈಯುತ್ತ ಹಾಕುತ್ತಾಳೆ.

ಹಬ್ಬ ಕಳೆದ ವಾರ ನಾನು ಸ್ನಾನ ಮಾಡುತ್ತಿದ್ದಾಗ ದೊಡ್ಡಮ್ಮನ ಫೋನು ಬಂತು. ಎಂದಿನ ಮಂಡಿನೋವು. ಅಮ್ಮ ಎತ್ತಿಕೊಂಡಳು. ಬಚ್ಚಲುಮನೆಯ ಬಾಗಿಲಿನಾಚೆಯಿಂದ ಅವಳ ಗಟ್ಟಿ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅವ್ಳು ಡಾಕ್ಟ್ರಲ್ಲ ಕಣಕ್ಕ. ಮಂಡಿಗೆ ಬೇರೆಯವ್ರನ್ನ ಕೇಳು. ನನ್ ಮಗ್ಳು ನೀರ್ ನೋಡ್ತಾಳೆ, ಚರಂಡಿ ನೋಡ್ತಾಳೆ. ಹ್ಞೂ ಕಣಕ್ಕ, ಚರಂಡಿ! ಯಾಕೆ, ನಿಮ್ಮೂರ ಟ್ಯಾಂಕಿಗೆ ಬ್ಲೀಚಿಂಗ್ ಹಾಕ್ತಾರಾ ಇಲ್ವಾ? ಹಳದಿ ಬತ್ತದಾ? ಮೊದ್ಲು ಅದ್ ಹೇಳು."